ಒದಗುವ ಅಕ್ಕಿ, ಒದಗದ ಲೆಕ್ಕ

ಬೆಳಗಿನ ಐದೂವರೆಗೆ ಹಾಸ್ಟೆಲಿನ ಉಗ್ರಾಣದ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಗೋಣಿಚೀಲದ ವಾಸನೆ, ಅದರ ಬೆನ್ನಿಗೇ ಸಾರಿನಪುಡಿಯದ್ದು. ತೂಕದ ಯಂತ್ರ ಬಾಗಿಲ ಪಕ್ಕದಲ್ಲೇ ಇರುತ್ತದೆ. ಅಡುಗೆಯ ಅಕ್ಕ ಅದರ ಮೇಲೆ ಬೋಗುಣಿ ಇಟ್ಟು, ಅಂಕಿ ಸೊನ್ನೆಗೆ ತಂದು, ಅಕ್ಕಿ ಸುರಿಯತೊಡಗುತ್ತಾರೆ.

‘ಇವತ್ತು ಎಷ್ಟು ಜನ ಸಾರ್?’

‘ತೊಂಬತ್ತೊಂದು.’

‘ಹೊಸ ಚೀಲ ಬಿಚ್ಚಿದೀವಿ. ಇದು ಒದಗಲ್ಲ. ಇನ್ನೊಂದು ಕೆ.ಜಿ. ಹಾಕ್ತೀನಿ.’

ವಾರ್ಡನ್ ತಲೆಯಾಡಿಸುತ್ತಾರೆ. ಪುಸ್ತಕದಲ್ಲಿ ಇಪ್ಪತ್ತೇಳರ ಬದಲು ಇಪ್ಪತ್ತೆಂಟು ಬೀಳುತ್ತದೆ. ಹಾಸ್ಟೆಲ್ ಮೆಸ್ಸಿನ ಲೆಕ್ಕ ನೋಡುವವರಿಗೆ ಗೊತ್ತಿರಲೇಬೇಕಾದ ಅರ್ಧ ಸಂಗತಿ ಈ ಒಂದು ಮಾತಿನಲ್ಲಿದೆ. ಅಕ್ಕಿ ಒದಗುವುದೆಂದರೆ ಬೆಂದು ಹಿಗ್ಗಿ ಹೆಚ್ಚು ಅನ್ನವಾಗುವುದು. ವರ್ಷ ಕಳೆದ ಹಳೆ ಅಕ್ಕಿ ನೀರು ಹೀರಿ ಅರಳುತ್ತದೆ. ಹೊಸ ಅಕ್ಕಿ ಅಷ್ಟು ಅರಳದೆ ಮುದ್ದೆಯಾಗುತ್ತದೆ. ಹಾಗಾಗಿ ಚೀಲ ಬದಲಾದ ದಿನ, ಉಣ್ಣುವವರ ಸಂಖ್ಯೆ ಅಷ್ಟೇ ಇದ್ದರೂ ತಲೆಗೆ ಬೀಳುವ ಅಕ್ಕಿಯ ತೂಕ ಬದಲಾಗುತ್ತದೆ. ಅದು ಕಳ್ಳತನವೂ ಅಲ್ಲ, ಅಜಾಗರೂಕತೆಯೂ ಅಲ್ಲ.

ಕೆಲವು ವರ್ಷ ಹಾಸ್ಟೆಲುಗಳ ಲೆಕ್ಕ ತಪಾಸಣೆಗೆ ಊರೂರು ತಿರುಗಿದವನು ನಾನು. ಆರಂಭದಲ್ಲಿ ಎಲ್ಲರಂತೆ ನಾನೂ ನೋಡುತ್ತಿದ್ದುದು ಕೂಡು-ಕಳೆ ಸರಿಯಿದೆಯೇ ಎಂದು. ಉಗ್ರಾಣದ ದಾಸ್ತಾನು ಪುಸ್ತಕದಲ್ಲಿ ಪ್ರತಿ ಸಾಮಾನಿಗೂ ಒಂದೊಂದು ಪುಟವಿರುತ್ತದೆ: ದಿನಾಂಕ, ಆರಂಭ ಶಿಲ್ಕು, ಜಮಾ, ಒಟ್ಟು, ಖರ್ಚು, ಅಖೈರು ಶಿಲ್ಕು, ಸಹಿ. ನಿನ್ನೆಯ ಅಖೈರು ಇವತ್ತಿನ ಆರಂಭಕ್ಕೆ ಕೂಡಿದರೆ, ಬಿಲ್ಲುಗಳು ಜಮಾಕ್ಕೆ ತಾಳೆಯಾದರೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ ಮುಂದಿನ ಪುಟ. ಹುಡುಗರ ಹಾಜರಾತಿ ಇರುವುದು ಬೇರೆ ಪುಸ್ತಕದಲ್ಲಿ. ಅದು ವಾರ್ಡನ್ ಕೋಣೆಯ ಬೀರುವಿನಲ್ಲಿ, ದಾಸ್ತಾನು ಪುಸ್ತಕ ಉಗ್ರಾಣದ ಗೂಡಿನಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿಟ್ಟು, ಇವತ್ತಿನ ಖರ್ಚನ್ನು ಇವತ್ತಿನ ತಲೆಗಳಿಂದ ಭಾಗಿಸಿ ನೋಡಿದವರು ಬಹಳ ಕಡಿಮೆ. ಕೂಡು-ಕಳೆಯಿಂದ ಸಿಗುವುದು ಬರೆದವರ ಗಣಿತದ ತಪ್ಪು ಮಾತ್ರ. ಅಡುಗೆಮನೆಯಲ್ಲಿ ಏನಾಯಿತು ಎಂದು ತಿಳಿಯಬೇಕಾದರೆ ಭಾಗಿಸಲೇಬೇಕು.

ಈ ಭಾಗಾಕಾರ ಹೊಸತೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಅಧಿಕಾರಿಗೆಂದೇ ಒಂದು ಅಧ್ಯಾಯವಿದೆ. ಒಂದು ಊಟಕ್ಕೆ ಇಷ್ಟು ಅಕ್ಕಿ, ಅದರ ಕಾಲುಭಾಗ ಬೇಳೆಯ ಸಾರು, ಸಾರಿನ ಕಾಲುಭಾಗ ತುಪ್ಪ ಅಥವಾ ಎಣ್ಣೆ. ಹೆಂಗಸರಿಗೆ ಇದರ ಮುಕ್ಕಾಲು, ಮಕ್ಕಳಿಗೆ ಅರ್ಧ ಎಂದು ಅಲ್ಲಿ ಹೇಳಿದೆ. ಇನ್ನೂ ಮುಂದೆ ಹೋಗಿ, ವ್ರೀಹಿ ಅಕ್ಕಿ ಬೆಂದರೆ ನಾಲ್ಕು ಪಟ್ಟಾಗುತ್ತದೆ, ಶಾಲಿ ಅಕ್ಕಿ ಐದು ಪಟ್ಟಾಗುತ್ತದೆ ಎಂದು ಒದಗುವ ಲೆಕ್ಕವನ್ನೂ ಕೊಟ್ಟಿದೆ. ಆ ಕಾಲದ ಅಡುಗೆಯವನೂ ‘ಇದು ಒದಗಲ್ಲ ಸ್ವಾಮಿ’ ಎಂದಿರಬೇಕು. ಇಲ್ಲದಿದ್ದರೆ ರಾಜನೀತಿಯ ಗ್ರಂಥದಲ್ಲಿ ಅನ್ನ ಹಿಗ್ಗುವ ಮಾತು ಯಾಕೆ ಬರುತ್ತಿತ್ತು?

ಇವತ್ತಿಗೂ ಇಂಥ ಪಟ್ಟಿಗಳಿವೆ. ಶಾಲೆಯ ಬಿಸಿಯೂಟದಲ್ಲಿ ಆರರಿಂದ ಎಂಟನೇ ತರಗತಿಯ ಮಗುವಿಗೆ ಒಂದು ಹೊತ್ತಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ ಎಂದು ನಿಗದಿಯಾಗಿದೆ. ಹಾಸ್ಟೆಲುಗಳಿಗೆ ಅವುಗಳದ್ದೇ ಆಹಾರ ಪಟ್ಟಿಯಿರುತ್ತದೆ. ಕಾಲೇಜು ಹುಡುಗರು ಹೆಚ್ಚು ತಿನ್ನುತ್ತಾರೆ, ಮೂರು ಹೊತ್ತು ತಿನ್ನುತ್ತಾರೆ. ನಾನು ಇಲ್ಲಿ ಹೇಳಹೊರಟಿರುವುದು ಹಳೆ ಮೈಸೂರು ಸೀಮೆಯ ಒಂದೇ ಊರಿನ ಎರಡು ಹಾಸ್ಟೆಲುಗಳ ಒಂದು ವಾರದ ಕಥೆ. ಎರಡರಲ್ಲೂ ದಾಖಲಾದವರು 96 ಹುಡುಗರು. ಪಟ್ಟಿಯ ಪ್ರಕಾರ ತಲೆಗೆ ದಿನಕ್ಕೆ 300 ಗ್ರಾಂ ಅಕ್ಕಿ, ರಾತ್ರಿಯ ಮುದ್ದೆಗೆ 100 ಗ್ರಾಂ ರಾಗಿಹಿಟ್ಟು, ಎಣ್ಣೆ ಸುಮಾರು 25 ಗ್ರಾಂ. ಊರಿನ ಹೆಸರು ಬೇಡ. ಓದಲು ಸುಲಭವಾಗಲೆಂದು ಅಂಕಿಗಳನ್ನೂ ಸ್ವಲ್ಪ ಗುಂಡಾಗಿಸಿದ್ದೇನೆ.

ವಾರವನ್ನು ಸುಮ್ಮನೆ ಆರಿಸಿದ್ದಲ್ಲ. ಸಂಕ್ರಾಂತಿ ಶುಕ್ರವಾರ ಬಿದ್ದಿದ್ದ ವಾರ ಅದು. ಲೆಕ್ಕ ನೋಡುವವನು ಎಲ್ಲ ಪುಟ ತಿರುವಬೇಕಿಲ್ಲ, ಹುಡುಗರು ಊರಿಗೆ ಹೋಗುವ ವಾರವೊಂದನ್ನು ಹಿಡಿದರೆ ಸಾಕು. ತಲೆಗಳು ದಿಢೀರನೆ ಇಳಿದಾಗ ಉಗ್ರಾಣ ಅದರ ಜೊತೆ ಹೇಗೆ ಇಳಿಯಿತು ಎಂಬುದರಲ್ಲೇ ಎಲ್ಲ ಗೊತ್ತಾಗುತ್ತದೆ.

ಮೊದಲ ಹಾಸ್ಟೆಲಿನಲ್ಲಿ ಸೋಮವಾರ 91 ಜನ, ಮಂಗಳವಾರ 92, ಬುಧವಾರ 90. ಗುರುವಾರ 74. ಹಬ್ಬದ ದಿನ 38, ಶನಿವಾರ 41, ಭಾನುವಾರ ಸಂಜೆಯ ಬಸ್ಸಿಗೆ ಕೆಲವರು ಮರಳಿ 57. ಅಕ್ಕಿಯ ಖರ್ಚು ಕ್ರಮವಾಗಿ 27, 28, 27, 24, 13, 13, 17 ಕೆ.ಜಿ. ಭಾಗಿಸಿದರೆ ಮೊದಲ ಮೂರು ದಿನ ತಲೆಗೆ 297, 304, 300 ಗ್ರಾಂ. ಪಟ್ಟಿಯ ಆಸುಪಾಸಿನಲ್ಲೇ ಇದೆ. ಮಂಗಳವಾರ ನಾಲ್ಕು ಗ್ರಾಂ ಮೇಲೆ ಹೋಗಿದ್ದು ಆ ಹೊಸ ಚೀಲದಿಂದ. ಗುರುವಾರ 324ಕ್ಕೆ ಏರುತ್ತದೆ, ಹಬ್ಬದ ದಿನ 342ಕ್ಕೆ.

ಹೊಸಬರಾದ ತಪಾಸಣೆಯವರು ಇಲ್ಲಿ ಪೆನ್ನು ನಿಲ್ಲಿಸುತ್ತಾರೆ. ಪಟ್ಟಿಗಿಂತ ತಲೆಗೆ 42 ಗ್ರಾಂ ಜಾಸ್ತಿ! ನಾನೂ ನಿಲ್ಲಿಸಿದ್ದೆ. ವಾರ್ಡನ್‌ಗೆ ವಿವರಣೆ ಕೇಳುವ ಮೊದಲು ಅಡುಗೆಮನೆಗೆ ಹೋಗಿ ಕೇಳಿದ್ದರಿಂದ ಮಾನ ಉಳಿಯಿತು. ಗುರುವಾರ ಬೆಳಿಗ್ಗೆ ಅಕ್ಕಿ ತೆಗೆಯುವಾಗ ಎಂಬತ್ತಕ್ಕೂ ಹೆಚ್ಚು ಜನ ಇರುತ್ತಾರೆಂದುಕೊಂಡಿದ್ದರು. ಕೆಲವರು ರಜೆ ಚೀಟಿ ಕೊಡದೆ ತಿಂಡಿ ತಿಂದು ಬ್ಯಾಗು ಹೆಗಲಿಗೇರಿಸಿದರು. ಶುಕ್ರವಾರ ಹಬ್ಬ, ಬೆಳಿಗ್ಗೆ ಖಾರ ಪೊಂಗಲ್ಲು, ಸಿಹಿ ಪೊಂಗಲ್ಲು. ಬೇರೆ ದಿನಗಳಲ್ಲಿ ಉಪ್ಪಿಟ್ಟೋ ಅವಲಕ್ಕಿಯೋ ಆದರೆ ತಿಂಡಿಗೆ ಅಕ್ಕಿಯೇ ಬೇಡ, ಅವತ್ತು ತಿಂಡಿಯೂ ಅಕ್ಕಿಯದ್ದೇ. ಜೊತೆಗೆ ಅಡುಗೆಯವರು, ಕಾವಲುಗಾರ ಸೇರಿ ಐದು ಜನ ದಿನವೂ ಅಲ್ಲೇ ಉಣ್ಣುತ್ತಾರೆ. ತೊಂಬತ್ತು ಹುಡುಗರ ನಡುವೆ ಆ ಐದು ತಟ್ಟೆ ಲೆಕ್ಕಕ್ಕೆ ಕಾಣಿಸುವುದೇ ಇಲ್ಲ. ಮೂವತ್ತೆಂಟರ ನಡುವೆ ಎದ್ದು ಕಾಣಿಸುತ್ತದೆ. ಇಡೀ ವಾರಕ್ಕೆ 149 ಕೆ.ಜಿ. ಅಕ್ಕಿಯನ್ನು 483 ತಲೆಗಳಿಗೆ ಹಂಚಿದರೆ 308 ಗ್ರಾಂ ಬರುತ್ತದೆ. ಪಟ್ಟಿಗಿಂತ ನಾಲ್ಕು ಕೆ.ಜಿ. ಹೆಚ್ಚು ಹೋಗಿದೆ, ಯಾಕೆ ಹೋಯಿತೆಂದು ಪ್ರತಿ ದಿನಕ್ಕೂ ಹೇಳುವವರಿದ್ದಾರೆ. ಇಂಥ ಪುಸ್ತಕ ನನಗೆ ಇಷ್ಟ.

ಎರಡನೆಯ ಹಾಸ್ಟೆಲಿನ ಪುಸ್ತಕ ಇದಕ್ಕಿಂತ ಅಂದವಾಗಿತ್ತು. ಅಲ್ಲಿಗೆ ಹೋಗುವ ಮೊದಲು ಎಣ್ಣೆ, ತರಕಾರಿಯ ಮಾತು ಮುಗಿಸಿಬಿಡುತ್ತೇನೆ, ಯಾಕೆಂದರೆ ಅವು ಅಕ್ಕಿಯಂತೆ ನಡೆದುಕೊಳ್ಳುವುದಿಲ್ಲ.

ಎಣ್ಣೆ ಜನರನ್ನು ನೋಡಿ ಖರ್ಚಾಗುವುದಿಲ್ಲ, ಬಾಣಲೆಯನ್ನು ನೋಡಿ ಖರ್ಚಾಗುತ್ತದೆ. ತೊಂಬತ್ತು ಜನರ ಸಾಂಬಾರಿಗೂ ನಲವತ್ತು ಜನರ ಸಾಂಬಾರಿಗೂ ಒಗ್ಗರಣೆಯ ಬಾಣಲೆ ಅದೇ. ಅದರ ತಳ ಮುಚ್ಚುವಷ್ಟು ಎಣ್ಣೆ ಎರಡು ದಿನವೂ ಬೇಕು. ಮೊದಲ ಹಾಸ್ಟೆಲಿನಲ್ಲಿ 90 ಜನರಿದ್ದ ಬುಧವಾರ 2.2 ಕೆ.ಜಿ. ಎಣ್ಣೆ ಹೋಗಿತ್ತು, ತಲೆಗೆ 24 ಗ್ರಾಂ. ಶನಿವಾರ 41 ಜನರಿಗೆ 1.3 ಕೆ.ಜಿ., ತಲೆಗೆ 32 ಗ್ರಾಂ. ಜನ ಅರ್ಧಕ್ಕಿಂತ ಕಡಿಮೆಯಾದರೂ ಎಣ್ಣೆ ಅರ್ಧವಾಗಲಿಲ್ಲ. ಹೀಗಾಗುವುದೇ ಸಹಜ. ಜನ ಇಳಿದ ದಿನವೂ ತಲೆಗೆ ಅದೇ 24 ಗ್ರಾಂ ಎಂದು ಬರೆದಿದ್ದರೆ, ಬರೆದವರು ಬಾಣಲೆಯ ಹತ್ತಿರ ಸುಳಿದಿಲ್ಲ ಎಂದು ತಿಳಿಯಬೇಕು.

ಪೂರಿಯ ದಿನ ಇನ್ನೊಂದು ಥರ. ಕರಿಯಲು ಐದು ಕೆ.ಜಿ. ಬಾಣಲೆಗೆ ಸುರಿದರೆ ಪೂರಿಗಳು ಕುಡಿದು ಮುಗಿದ ಮೇಲೂ ಎರಡು, ಎರಡೂವರೆ ಕೆ.ಜಿ. ಉಳಿಯುತ್ತದೆ. ಆ ಉಳಿಕೆಯನ್ನು ತಣಿಸಿ, ಸೋಸಿ, ಬೇರೆ ಪಾತ್ರೆಯಲ್ಲಿಟ್ಟು, ಪುಸ್ತಕದಲ್ಲಿ ‘ಕರಿದ ಎಣ್ಣೆ ವಾಪಸು’ ಎಂದು ಬರೆದುಕೊಳ್ಳಬೇಕು. ಮರುದಿನದ ಒಗ್ಗರಣೆಗೆ ಮೊದಲು ಅದೇ ಹೋಗಬೇಕು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂಬುದು ಒಂದು ಕಾರಣ. ಲೆಕ್ಕದವನಿಗೆ ಬೇರೆ ಕಾರಣವೂ ಇದೆ: ವಾಪಸು ಬರೆಯದ ಹಾಸ್ಟೆಲಿನಲ್ಲಿ ಪೂರಿಯ ದಿನ ತಲೆಗೆ ಐವತ್ತು ಗ್ರಾಂ ದಾಟುತ್ತದೆ, ಆದರೆ ಮರುದಿನದ ಖರ್ಚು ಇಳಿಯುವುದಿಲ್ಲ. ಎರಡು ದಿನ ಒಟ್ಟಿಗೆ ನೋಡಿದರೆ ಉಳಿದ ಎಣ್ಣೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಎಣ್ಣೆಯ ವಿಷಯದಲ್ಲಿ ನಾನೊಬ್ಬರಿಗೆ ಅನ್ಯಾಯ ಮಾಡುವುದರಲ್ಲಿದ್ದೆ. ಬೇರೊಂದು ಊರಿನ ಹಾಸ್ಟೆಲು. ಉಗ್ರಾಣ ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯರು. ತಿಂಗಳಲ್ಲಿ ಐದು ಟಿನ್ ಬಂದಿದೆ, ಪುಸ್ತಕದಲ್ಲಿ 75 ಕೆ.ಜಿ. ಜಮಾ. ದಿನದಿನದ ಖರ್ಚು ಕೂಡಿದರೆ 62 ಕೆ.ಜಿ. ಉಳಿಯಬೇಕಾದ್ದು 13. ತೂಗಿ ನೋಡಿದರೆ ಆರೂಕಾಲು ಕೆ.ಜಿ. ಮಾತ್ರ. ಅರ್ಧದಷ್ಟು ಇಲ್ಲ! ಆ ಹಿರಿಯರ ಮುಖ ಸಣ್ಣದಾಯಿತು. ‘ನಾನು ಒಂದು ಹನಿ ಮನೆಗೆ ಒಯ್ದಿಲ್ಲ ಸ್ವಾಮಿ’ ಎಂದರು. ನಾನು ಟಿಪ್ಪಣಿ ಬರೆಯಲು ಕೂತೆ. ಖಾಲಿ ಟಿನ್ನೊಂದು ನೀರು ತುಂಬಲೆಂದು ಬಾಗಿಲಲ್ಲೇ ಇತ್ತು. ಅದರ ಮೇಲೆ ಅಚ್ಚಾಗಿದ್ದುದು ‘15 ಲೀಟರ್’.

ಅಡುಗೆ ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹದಿನೈದು ಲೀಟರಿನ ಟಿನ್ನಿನಲ್ಲಿರುವುದು ಹದಿಮೂರೂವರೆ ಕೆ.ಜಿ.ಗಿಂತ ಒಂಚೂರು ಹೆಚ್ಚು. ಐದು ಟಿನ್ನಿಗೆ 68 ಕಾಲು ಕೆ.ಜಿ.; ಅದರಲ್ಲಿ 62 ಹೋದರೆ ಆರೂಕಾಲು. ಒಂದು ಹನಿಯೂ ಹೋಗಿರಲಿಲ್ಲ. ಬಿಲ್ಲಿನಲ್ಲಿ ಲೀಟರ್, ಪುಸ್ತಕದ ಅಂಕಣದ ತಲೆಯಲ್ಲಿ ಕೆ.ಜಿ., ನಡುವೆ ಯಾರೂ ಗಮನಿಸದ ಒಂಬತ್ತು ಗ್ರಾಂ, ಪ್ರತಿ ನೂರು ಮಿಲಿಲೀಟರಿಗೆ. ಮಾರುಕಟ್ಟೆಯಲ್ಲಿ 15 ಕೆ.ಜಿ. ಟಿನ್ನೂ ಇದೆ, 15 ಲೀಟರ್ ಟಿನ್ನೂ ಇದೆ; ನೋಡಲು ಅಣ್ಣತಮ್ಮಂದಿರಂತಿರುತ್ತವೆ, ಬೆಲೆಯಲ್ಲಿ ಮಾತ್ರ ವ್ಯತ್ಯಾಸ. ಟೆಂಡರಿನಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಇಳಿಸಿ ಹೋಗುವವರೂ ಉಂಟು. ಆಗ ಹೋದ ಎಣ್ಣೆ ಉಗ್ರಾಣದಿಂದ ಹೋದದ್ದಲ್ಲ, ಉಗ್ರಾಣಕ್ಕೆ ಬಂದೇ ಇರಲಿಲ್ಲ.

ಅಕ್ಕಿಯಲ್ಲೂ ಇದರ ಚಿಕ್ಕ ತಮ್ಮನಿದ್ದಾನೆ. ಸೆಣಬಿನ ಚೀಲವೇ ಅರ್ಧ ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಚೀಲ ಸಮೇತ ಐವತ್ತು ತೂಗಿ ಜಮಾ ಹಿಡಿದರೆ ಇಪ್ಪತ್ತು ಚೀಲಕ್ಕೆ ಹತ್ತು ಕೆ.ಜಿ. ಕಾಗದದ ಮೇಲಿನ ಅಕ್ಕಿ.

ಇನ್ನು ತರಕಾರಿ. ದಿನದ ಲೆಕ್ಕದಲ್ಲಿ ಇದನ್ನು ನಂಬುವಂತಿಲ್ಲ, ವಾರದ ಲೆಕ್ಕದಲ್ಲಿ ನಂಬಬಹುದು. ಮಂಡಿಯಿಂದ ವಾರಕ್ಕೆರಡು ಸಲ ತರುವ ಕಡೆ ಸೊಪ್ಪು ಬಾಡಿ ತೂಕ ಇಳಿಯುತ್ತದೆ, ಒಂದೆರಡು ಕೋಸು ಕೊಳೆಯುತ್ತದೆ. ಅದಕ್ಕಿಂತ ದೊಡ್ಡ ತೊಡಕು, ತೂಕ ಸಿಪ್ಪೆ ಸಮೇತವೋ ಸಿಪ್ಪೆ ತೆಗೆದೋ ಎಂಬುದು. ಸಂಕ್ರಾಂತಿ ಎಂದರೆ ನಮ್ಮ ಕಡೆ ಅವರೆಕಾಯಿಯ ಕಾಲ. ಬುಧವಾರ ಆ ಮೊದಲ ಹಾಸ್ಟೆಲಿನಲ್ಲಿ 20 ಕೆ.ಜಿ. ಅವರೆಕಾಯಿ ಖರ್ಚು ಬಿದ್ದಿತ್ತು; ತಲೆಗೆ 222 ಗ್ರಾಂ, ನೋಡುವುದಕ್ಕೆ ಹಬ್ಬದೂಟ. ಹುಡುಗರೇ ಗುಂಪು ಕೂತು ಸುಲಿದ ಮೇಲೆ ಸಿಕ್ಕ ಕಾಳು ಎಂಟು ಕೆ.ಜಿ. ತಟ್ಟೆಗೆ ಬಂದದ್ದು ತೊಂಬತ್ತು ಗ್ರಾಮಿಗೂ ಕಡಿಮೆ. ಮರುದಿನ ಕುಂಬಳಕಾಯಿ 12 ಕೆ.ಜಿ., 74 ತಲೆಗೆ ತಲಾ 162 ಗ್ರಾಂ. ಸಿಪ್ಪೆ ಬೀಜ ಹೋದರೂ ತಟ್ಟೆಗೆ ಅವರೆಕಾಳಿಗಿಂತ ಹೆಚ್ಚೇ ಬಿತ್ತು. ಪುಸ್ತಕ ಮಾತ್ರ ನೋಡಿದವರು ಬುಧವಾರ ಧಾರಾಳ, ಗುರುವಾರ ಜಿಪುಣತನ ಎಂದುಕೊಳ್ಳುತ್ತಾರೆ. ಉಂಡವರನ್ನು ಕೇಳಿದರೆ ಉಲ್ಟಾ.

ತರಕಾರಿಯಲ್ಲಿ ಸುಳ್ಳು ಗೊತ್ತಾಗುವುದು ಬೆಲೆ ಏರಿದಾಗ. 2023ರ ಜುಲೈ ನೆನಪಿದೆಯಲ್ಲ? ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು, ಟೊಮೆಟೊ ತವರಾದ ಕೋಲಾರದ ಮಾರುಕಟ್ಟೆಯಲ್ಲೇ 15 ಕೆ.ಜಿ.ಯ ಬಾಕ್ಸಿಗೆ ಎರಡು ಸಾವಿರದ ಮೇಲೆ ಹೋಗಿತ್ತು. ಆ ತಿಂಗಳು ಯಾವ ಮನೆಯಲ್ಲಿ, ಯಾವ ಹೋಟೆಲಿನಲ್ಲಿ ಸಾರಿಗೆ ಮೊದಲಿನಷ್ಟು ಟೊಮೆಟೊ ಬಿತ್ತು? ಎಲ್ಲರೂ ಹುಣಸೆಹಣ್ಣಿಗೆ ಹೋದರು. ಹಾಸ್ಟೆಲಿನ ಪುಸ್ತಕ ನಿಜವಾಗಿದ್ದರೆ ಆ ತಿಂಗಳು ಟೊಮೆಟೊ ಪುಟದಲ್ಲಿ ಖರ್ಚು ಕುಸಿದು ಹುಣಸೆ ಪುಟದಲ್ಲಿ ಏರಿರಬೇಕು. ಎರಡೂ ಪುಟ ಜೂನಿನಂತೆಯೇ ಇದ್ದು, ಟೊಮೆಟೊ ದಿನಕ್ಕೆ ಐದು ಕೆ.ಜಿ.ಯಂತೆ ಹರಿದಿದ್ದರೆ, ಹಣ ಹೋಗಿರಬಹುದು, ಟೊಮೆಟೊ ಬಂದಿರುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಕೆಳಗಿನ ಅಂಕಿಯ ಮಾತು ಬರಲೇಬೇಕು. ಭಾಗಿಸುವುದು ಯಾವ ತಲೆಗಳಿಂದ? ಹಾಸ್ಟೆಲಿನಲ್ಲಿ ಕನಿಷ್ಠ ನಾಲ್ಕು ಸಂಖ್ಯೆಗಳಿರುತ್ತವೆ. ಮಂಜೂರಾದವರು, ದಾಖಲಾದವರು, ಇವತ್ತು ಹಾಜರಿ ಹಾಕಿದವರು, ಇವತ್ತು ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು. ಊಟ ಮಾಡುವವರು ಕೊನೆಯವರು ಮಾತ್ರ. ಬೆರಳಚ್ಚಿನ ಯಂತ್ರ ಬಂದ ಮೇಲೆ ಮೂರನೆಯ ಸಂಖ್ಯೆಯಲ್ಲಿ ಸುಳ್ಳು ಕಡಿಮೆಯಾಗಿದೆ, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಬೆರಳೊತ್ತಿದ ಹುಡುಗ ಮಧ್ಯಾಹ್ನ ಕಾಲೇಜಿನ ಕ್ಯಾಂಟೀನಿನಲ್ಲಿರಬಹುದು, ಭಾನುವಾರ ರಾತ್ರಿ ಬಿರಿಯಾನಿ ಅಂಗಡಿಯಲ್ಲಿರಬಹುದು. ಇತ್ತ ಬೆರಳೊತ್ತದ, ಊರಿಂದ ಪರೀಕ್ಷೆಗೆ ಬಂದ ಗೆಳೆಯನೊಬ್ಬ ನಾಲ್ಕು ದಿನ ರೂಮಿನಲ್ಲಿದ್ದು ಸಾಲಿನಲ್ಲಿ ನಿಲ್ಲುತ್ತಾನೆ. ಬಂದವರಿಗೆಲ್ಲ ಊಟ ಹಾಕುವ ಸಿದ್ಧಗಂಗೆಯಂಥ ದಾಸೋಹಕ್ಕೆ ಈ ಭಾಗಾಕಾರ ಹೊಂದುವುದೇ ಇಲ್ಲ. ಅಲ್ಲಿ ಮಕ್ಕಳ ಹಾಜರಿಯಿಂದ ಅಕ್ಕಿಯನ್ನು ಭಾಗಿಸಿದರೆ ಭಕ್ತರು ಉಂಡದ್ದೆಲ್ಲ ಮಕ್ಕಳ ಲೆಕ್ಕಕ್ಕೆ ಬೀಳುತ್ತದೆ.

ಒಳ್ಳೆಯ ವಾರ್ಡನ್‌ಗಳು ಮಾಡುವುದು ಸರಳ. ಹಿಂದಿನ ರಾತ್ರಿ ಎಂಟರೊಳಗೆ ರಜೆ ಚೀಟಿ ತೆಗೆದುಕೊಂಡು ನಾಳೆಯ ಅಂದಾಜು ಬರೆಯುತ್ತಾರೆ; ಮೂರು ಹೊತ್ತೂ ಖಾಲಿ ತಟ್ಟೆಗಳ ಅಟ್ಟಿಯಲ್ಲಿ ಉಳಿದದ್ದೆಷ್ಟು ಎಂದು ನೋಡಿ ಉಂಡವರೆಷ್ಟು ಎಂದು ಬರೆಯುತ್ತಾರೆ. ಅಂದಾಜು ಒಂದು ಅಂಕಣ, ಉಂಡವರು ಇನ್ನೊಂದು. ಅಕ್ಕಿ ತೆಗೆದದ್ದು ಅಂದಾಜಿನ ಮೇಲೆ, ತಲಾ ಲೆಕ್ಕ ಉಂಡವರ ಮೇಲೆ. ಎರಡರ ನಡುವಿನ ವ್ಯತ್ಯಾಸವೇ ಹುಡುಗರು ಹೇಳದೆ ಊರಿಗೆ ಹೋದ ಲೆಕ್ಕ.

ಈಗ ಎರಡನೆಯ ಹಾಸ್ಟೆಲು. ಅದೇ ಊರು, ಅದೇ ಸಂಕ್ರಾಂತಿಯ ವಾರ, ಆಗಿನ್ನೂ ಬೆರಳಚ್ಚು ಬಂದಿರಲಿಲ್ಲ. ಪುಸ್ತಕಕ್ಕೆ ಕಂದು ರಟ್ಟು ಹಾಕಿ ಹೆಸರು ಬರೆದಿತ್ತು. ಒಂದೇ ಪೆನ್ನು, ಒಂದೇ ಕೈ, ಒಂದೇ ಒತ್ತಡದ ಅಕ್ಷರ, ಎಲ್ಲೂ ಎಣ್ಣೆಯ ಬೆರಳ ಗುರುತಿಲ್ಲ. ದಿನವೂ ಉಗ್ರಾಣದ ಗೂಡಿನಲ್ಲಿರುವ ಪುಸ್ತಕಕ್ಕೆ ಅರಿಶಿನ ತಾಗದೆ ಇರುವುದೆಂದರೆ! ಹಾಜರಾತಿ ಸೋಮವಾರದಿಂದ ಭಾನುವಾರದವರೆಗೆ 94, 95, 93, 94, 92, 93, 94. ಅಕ್ಕಿ 28.2, 28.5, 27.9, 28.2, 27.6, 27.9, 28.2 ಕೆ.ಜಿ. ಯಾವ ದಿನವನ್ನು ಭಾಗಿಸಿದರೂ ಸರಿಯಾಗಿ 300 ಗ್ರಾಂ.

ಮಾತಿಗೆ ಇದು ಆದರ್ಶ. ಪಟ್ಟಿಗಿಂತ ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ, ಕೂಡು-ಕಳೆಯಲ್ಲಿ ಒಂದು ತಪ್ಪಿಲ್ಲ. ಹಳೆಯ ರೀತಿಯ ತಪಾಸಣೆಯಲ್ಲಿ ಮೆಚ್ಚುಗೆ ಸಿಗಬೇಕಾದ ಪುಸ್ತಕ. ಆದರೆ ಬೆಳಗಿನ ಕತ್ತಲಲ್ಲಿ ಬೋಗುಣಿಗೆ 27 ಕೆ.ಜಿ. 900 ಗ್ರಾಂ ಎಂದು ಅಳೆದು ಸುರಿಯುವ ಅಡುಗೆಯವರನ್ನು ನಾನು ಕಂಡಿಲ್ಲ. ಅವರು ಇಪ್ಪತ್ತೆಂಟು ಸುರಿಯುತ್ತಾರೆ. ಈ ಅಂಕಿಗಳು ತೂಕದ ಯಂತ್ರದಿಂದ ಬಂದವಲ್ಲ, ಕ್ಯಾಲ್ಕುಲೇಟರಿನಿಂದ ಬಂದವು. ತಲೆಗಳನ್ನು ಮೊದಲು ಬರೆದು, ಮುನ್ನೂರರಿಂದ ಗುಣಿಸಿ, ತಿಂಗಳ ಕೊನೆಯಲ್ಲಿ ಒಂದೇ ಕೂಡಿಗೆ ತುಂಬಿಸಿದ್ದು. ಸಂಕ್ರಾಂತಿಗೆ 96ರಲ್ಲಿ 92 ಹುಡುಗರು ಊರಿಗೆ ಹೋಗದೆ ಹಾಸ್ಟೆಲಿನಲ್ಲೇ ಎಳ್ಳುಬೆಲ್ಲ ತಿಂದರು ಎಂಬುದನ್ನು ನಂಬುವುದು ಹಾಗಿರಲಿ.

ಅನುಮಾನ ಬೇರೆ, ಸಾಕ್ಷಿ ಬೇರೆ. ಹಾಜರಾತಿ ಪುಸ್ತಕವೇ ಸುಳ್ಳಾದರೆ ಭಾಗಾಕಾರ ತೆಪ್ಪಗಾಗುತ್ತದೆ, ಮೇಲಿನದೂ ಕೆಳಗಿನದೂ ಒಂದೇ ಕೈಯಿಂದ ಬಂದಿರುತ್ತದಲ್ಲ. ಆಗ ಹುಡುಕಬೇಕಾದ್ದು ಹಾಸ್ಟೆಲಿನವರ ಕೈಗೆ ಸಿಗದ ಅಂಕಿಗಳನ್ನು. ಹಾಲಿನವನ ಚೀಟಿ ಅಂಥದ್ದು. ಮಾಮೂಲಿ ದಿನ ಕಾಫಿ-ಟೀಗೆ ಅರ್ಧ ಲೀಟರಿನ ಹದಿನೆಂಟು ಪ್ಯಾಕೆಟ್ ಬರುತ್ತಿದ್ದಲ್ಲಿ ಶುಕ್ರವಾರ ಬಂದದ್ದು ಎಂಟು, ಶನಿವಾರವೂ ಎಂಟು. ಅಕ್ಕಿಯನ್ನು ಉಗ್ರಾಣದಲ್ಲಿ ಇಟ್ಟುಕೊಳ್ಳಬಹುದು, ಹಾಲನ್ನು ಇಟ್ಟುಕೊಳ್ಳಲಾಗುವುದಿಲ್ಲ. ಆದ್ದರಿಂದ ಹಾಲಿನ ಚೀಟಿ ಸಾಮಾನ್ಯವಾಗಿ ನಿಜವನ್ನೇ ಹೇಳುತ್ತದೆ.

ಆಮೇಲೆ ಉಗ್ರಾಣಕ್ಕೆ ಹೋಗಿ ಚೀಲ ಎಣಿಸಿದೆವು. ಪುಸ್ತಕದ ಪ್ರಕಾರ ಆರು ಚೀಲ ಮತ್ತು ಬಿಚ್ಚಿದ್ದೊಂದು ಇರಬೇಕು. ಏಳು ಚೀಲ ಮತ್ತು ಬಿಚ್ಚಿದ್ದೊಂದು ಇತ್ತು. ವಾರ್ಡನ್ ನಿರಾಳವಾಗಿ ನಕ್ಕರು. ‘ಜಾಸ್ತಿನೇ ಇದೆಯಲ್ಲ ಸಾರ್. ಕಮ್ಮಿ ಇದ್ರೆ ತಾನೇ ತಪ್ಪು?’

ಇದು ಬರೀ ಅವರ ಮಾತಲ್ಲ, ಬಹಳ ಜನ ಹಾಗೇ ತಿಳಿದಿದ್ದಾರೆ. ತಪಾಸಣೆಗೆ ಬಂದವರೂ ಕೊರತೆ ಕಂಡರೆ ಹೌಹಾರುತ್ತಾರೆ, ಹೆಚ್ಚುವರಿ ಕಂಡರೆ ‘ಮುಂದಿನ ಜಮಾಕ್ಕೆ ಸೇರಿಸಿ’ ಎಂದು ಬರೆದು ಚಹಾ ಕುಡಿಯುತ್ತಾರೆ. ನನ್ನ ಲೆಕ್ಕ ಬೇರೆ. ಕೊರತೆಗೆ ನೂರು ಮುಗ್ಧ ಕಾರಣಗಳಿವೆ: ಚೀಲದ ತೂಕ, ಹುಳ, ಇಲಿ, ಲೀಟರ್-ಕೆ.ಜಿ. ಗೊಂದಲ, ಸುರಿಯುವಾಗ ಚೆಲ್ಲಿದ್ದು. ಇಡೀ ಚೀಲ ಹೆಚ್ಚಾಗುವುದಕ್ಕೆ ಇರುವುದು ಒಂದೆರಡೇ ಕಾರಣ. ಬಂದದ್ದನ್ನು ಜಮಾ ಹಿಡಿದಿಲ್ಲ, ಇಲ್ಲವೇ ಖರ್ಚಾಗದ್ದನ್ನು ಖರ್ಚು ಬರೆದಿದ್ದಾರೆ. ಬಿಲ್ಲುಗಳೆಲ್ಲ ಜಮಾಕ್ಕೆ ತಾಳೆಯಾಗಿದ್ದವು. ಉಳಿದದ್ದು ಎರಡನೆಯದು. ಆ ವಾರದ ಅವರ ಪುಸ್ತಕದ ಖರ್ಚು 655 ತಲೆಗೆ 196.5 ಕೆ.ಜಿ.; ಅಷ್ಟೇ ಹುಡುಗರಿರುವ ಪಕ್ಕದ ಹಾಸ್ಟೆಲಿನ ಖರ್ಚು 149. ನಡುವಿನ 47.5 ಕೆ.ಜಿ. ಎಂದರೆ ಹೆಚ್ಚೂಕಡಿಮೆ ಒಂದು ಚೀಲ, ನಮ್ಮ ಕಣ್ಣೆದುರು ಗೋಡೆಗೆ ಒರಗಿ ನಿಂತಿದ್ದ ಆ ಏಳನೆಯ ಚೀಲ. ನಾವು ಹತ್ತು ದಿನ ತಡವಾಗಿ ಹೋಗಿದ್ದರೆ ಅದು ಅಲ್ಲಿರುತ್ತಿರಲಿಲ್ಲ, ದಾಸ್ತಾನು ಪುಸ್ತಕಕ್ಕೆ ಸರಿಯಾಗಿ ತಾಳೆಯಾಗುತ್ತಿತ್ತು.

ಇದನ್ನೆಲ್ಲ ಬರೆದುಕೊಂಡು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಒಲೆಯ ಪಕ್ಕದ ಗೋಡೆಯ ಮೇಲೆ, ಆಳೆತ್ತರದಲ್ಲಿ, ಇದ್ದಿಲಿನಿಂದ ಬರೆದ ಅಂಕಿಗಳ ಸಾಲು. 97, 95, 96, 52, 36, 40, 63.

‘ಅಕ್ಕಾ, ಇದೇನು?’

‘ಮುದ್ದೆ ಲೆಕ್ಕ ಸಾರ್. ರಾತ್ರಿ ಎಷ್ಟು ಮುದ್ದೆ ಕಟ್ಟಿದೆ ಅಂತ. ನೆನ್ನೆ ಎಷ್ಟು ಹೋಯ್ತು ಅಂತ ಗೊತ್ತಿದ್ರೆ ಇವತ್ತು ಹಿಟ್ಟು ಎಷ್ಟು ಹಾಕ್ಬೇಕು ಅಂತ ತಿಳಿಯುತ್ತೆ. ಮುದ್ದೆ ಉಳಿದ್ರೆ ಬೆಳಿಗ್ಗೆ ಯಾರೂ ತಿನ್ನಲ್ಲ ನೋಡಿ.’

ಒಂದು ಕೆ.ಜಿ. ಹಿಟ್ಟಿಗೆ ಹತ್ತು ಮುದ್ದೆ. ಅನ್ನವನ್ನು ಸೌಟಿನಲ್ಲಿ ಬಡಿಸುತ್ತಾರೆ, ಎಷ್ಟು ಬಡಿಸಿದರು ಎಂದು ಯಾರೂ ಹೇಳಲಾರರು. ಮುದ್ದೆ ಮಾತ್ರ ಒಂದೊಂದಾಗಿ ಕೈಯಲ್ಲಿ ಕಟ್ಟುವಂಥದ್ದು, ಎಣಿಸಿಯೇ ಕಟ್ಟುವಂಥದ್ದು. ಮೊದಲ ಮೂರು ದಿನ ಎರಡನೆಯದು ಕೇಳಿದವರದ್ದೂ ಸೇರಿ ತೊಂಬತ್ತೈದರ ಆಚೀಚೆ. ಗುರುವಾರ ರಾತ್ರಿ ದಿಢೀರನೆ 52. ವಾರಕ್ಕೆ 479 ಮುದ್ದೆ, ಸುಮಾರು 48 ಕೆ.ಜಿ. ಹಿಟ್ಟು. ದಾಸ್ತಾನು ಪುಸ್ತಕದ ರಾಗಿ ಪುಟದಲ್ಲಿ ಅದೇ ವಾರಕ್ಕೆ 65.5 ಕೆ.ಜಿ. ಆ ಅಕ್ಕ ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಓದಿದವರಂತೆ. ಆ ಕಟ್ಟಡದಲ್ಲಿ ಉಣ್ಣುವವರನ್ನು ಎಣಿಸಿ ಬರೆದಿಟ್ಟಿದ್ದವರು ಅವರೊಬ್ಬರೇ.

ನಾನು ಆ ಸಾಲನ್ನು ಟಿಪ್ಪಣಿಗೆ ಇಳಿಸಿಕೊಂಡೆ. ಅಂಕಿಗಳ ಮೂಲ ಯಾವುದೆಂದು ವರದಿಯಲ್ಲಿ ಬರೆಯಲಿಲ್ಲ. ಬರೆದಿದ್ದರೆ ಅವರ ಕೆಲಸ ಉಳಿಯುತ್ತಿರಲಿಲ್ಲ. ಹಾಲಿನ ಚೀಟಿ ಮತ್ತು ಏಳನೆಯ ಚೀಲ ಸಾಕಾಯಿತು.

ಮೂರು ತಿಂಗಳ ನಂತರ ಮತ್ತೆ ಅಲ್ಲಿಗೆ ಹೋದಾಗ ವಾರ್ಡನ್ ಬದಲಾಗಿದ್ದರು, ಅಡುಗೆಮನೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಇದ್ದಿಲಿನ ಗೆರೆಗಳ ಸುಳಿವಿಲ್ಲ. ನಾನು ಗೋಡೆ ನೋಡುತ್ತಿರುವುದನ್ನು ಕಂಡ ಅಕ್ಕ ಏನೂ ಹೇಳದೆ ರಾಗಿಹಿಟ್ಟಿನ ಡ್ರಮ್ಮಿನ ಮುಚ್ಚಳ ಎತ್ತಿ, ತಿರುಗಿಸಿ ತೋರಿಸಿದರು. ಒಳಮೈಯಲ್ಲಿ, ಹಿಟ್ಟಿನ ಧೂಳಿನ ಮೇಲೆ ಬೆರಳಿನಿಂದ ಬರೆದಿತ್ತು: 88.